ತಡೆಗೋಡೆಯ ಹಿಂದೆ ಜಲ್ಲಿ ಎಷ್ಟು, ತೂತು ಪೈಪು ಎಷ್ಟು: ಮಲೆನಾಡಿನ ಧರೆಗೆ ಮೂರು ದಾರಿಗಳ ಹೋಲಿಕೆ

ಮಲೆನಾಡಿನಲ್ಲಿ ಮನೆ ಕಟ್ಟಬೇಕೆಂದರೆ ಗುಡ್ಡ ಕಡಿಯಬೇಕು. ಗುಡ್ಡ ಕಡಿದರೆ ಧರೆ ಆಗುತ್ತದೆ, ಧರೆ ನಿಲ್ಲಬೇಕಾದರೆ ತಡೆಗೋಡೆ ಬೇಕು. ಗೋಡೆಗೆ ಕಬ್ಬಿಣ ಎಷ್ಟು, ಸಿಮೆಂಟ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಗೋಡೆಯ ಬೆನ್ನಿಗೆ ಬೀಳುವ ಜಲ್ಲಿಯ ಲೆಕ್ಕ ಮಾತ್ರ ಕೊನೆಗೆ ಮೇಸ್ತ್ರಿಯ ಬಾಯಲ್ಲಿ "ಎರಡು ಲೋಡ್ ಹಾಕ್ಸಿ, ಸಾಕು" ಎಂಬಲ್ಲಿಗೆ ಮುಗಿಯುತ್ತದೆ. ಆರಿದ್ರಾ, ಪುನರ್ವಸು ಮಳೆ ಹಿಡಿದ ಮೇಲೆ ಆ ಗೋಡೆ ನಿಲ್ಲುತ್ತದೋ ಇಲ್ಲವೋ ಎಂಬುದು ಬಹುಪಾಲು ಆ ಎರಡು ಲೋಡಿನ ಮೇಲೆ, ಅದನ್ನು ಹಾಕಿದ ರೀತಿಯ ಮೇಲೆ ನಿಂತಿರುತ್ತದೆ.

ಮಣ್ಣು ನೂಕುವುದಕ್ಕಿಂತ ನೀರು ನೂಕುವುದು ಹೆಚ್ಚು. 8 ಅಡಿ ಎತ್ತರದ ಗೋಡೆ ಹಿಡಿಯೋಣ. ಹಿಂದಿನ ಮಣ್ಣಿನಲ್ಲಿ ನೀರು ನಿಲ್ಲದಿದ್ದರೆ, ಸಾಧಾರಣ ಮಣ್ಣು ಗೋಡೆಯ ಪ್ರತಿ ಅಡಿ ಉದ್ದವನ್ನು ಸುಮಾರು 550 ಕೆಜಿಯಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆ. ಅದೇ ಗೋಡೆಯ ಹಿಂದೆ ತುದಿಯವರೆಗೂ ನೀರು ನಿಂತರೆ ಬರೀ ನೀರಿನ ಒತ್ತಡವೇ ಅಡಿಗೆ 900 ಕೆಜಿ ದಾಟುತ್ತದೆ. ಮುಳುಗಿದ ಮಣ್ಣು ಹಗುರವಾಗುವುದರಿಂದ ಅದರ ಪಾಲು 270 ಕೆಜಿಯ ಆಸುಪಾಸಿಗೆ ಇಳಿಯುತ್ತದಾದರೂ ಎರಡೂ ಸೇರಿ 1,180 ಕೆಜಿ ಆಗುತ್ತದೆ. ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. 40 ಅಡಿ ಉದ್ದದ ಗೋಡೆಗೆ 22 ಟನ್ ಇದ್ದದ್ದು 47 ಟನ್ ಆಗುತ್ತದೆ. ಸಾಮಾನ್ಯವಾಗಿ ಎಂಜಿನಿಯರು ಗೋಡೆ ಲೆಕ್ಕ ಹಾಕುವುದು ಹಿಂದೆ ನೀರು ನಿಲ್ಲುವುದಿಲ್ಲ ಎಂದು ನಂಬಿ. ಆ ನಂಬಿಕೆ ಉಳಿಸುವ ಕೆಲಸ ಜಲ್ಲಿಯದ್ದು, ಪೈಪಿನದ್ದು.

ಲೆಕ್ಕಕ್ಕೆ ಒಂದೇ ಗೋಡೆ ಇಟ್ಟುಕೊಳ್ಳುತ್ತೇನೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡ ಕಡಿದು ಕೂರಿಸಿದ ಮನೆಯ ಹಿಂದೆ, ಆರ್‌ಸಿಸಿ ತಡೆಗೋಡೆ. ಉದ್ದ 40 ಅಡಿ, ಎತ್ತರ 8 ಅಡಿ. ಹಿಂದೆ ಕಡಿದ ಧರೆಗೂ ಗೋಡೆಗೂ ನಡುವೆ ಬುಡದಲ್ಲಿ 2 ಅಡಿ, ತುದಿಯಲ್ಲಿ 4 ಅಡಿ ಖಾಲಿ ಜಾಗ. ಈ ಜಾಗವನ್ನು ಹೇಗೆ ತುಂಬುವುದು ಎಂಬುದೇ ಪ್ರಶ್ನೆ. ಕಲ್ಲಿನ ಮೇಲೆ ಕಲ್ಲಿಟ್ಟು ಗಾರೆ ಹಾಕದೆ ಕಟ್ಟುವ ಹಳೆಯ ಒಣ ಕಟ್ಟಣೆಗೆ ಈ ಚಿಂತೆ ಅಷ್ಟಾಗಿ ಇಲ್ಲ, ಸಂದಿಗಳಲ್ಲೇ ನೀರು ಬಸಿದು ಹೋಗುತ್ತದೆ. ಸಂದಿಗೆ ಸಿಮೆಂಟ್ ತುಂಬಿದ ಕೂಡಲೇ, ಕಾಂಕ್ರೀಟ್ ಗೋಡೆ ಎಬ್ಬಿಸಿದ ಕೂಡಲೇ ನೀರಿಗೆ ಬೇರೆ ದಾರಿ ಮಾಡಿಕೊಡಬೇಕಾಗುತ್ತದೆ.

ಮೂರು ದಾರಿ

ಮೊದಲನೆಯದು, ಪೂರ್ತಿ ಎತ್ತರದ ಜಲ್ಲಿ. ಗೋಡೆಯ ಬುಡದಲ್ಲಿ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಜಲ್ಲಿಯ ಹಾಸು. ಅದರ ಒಳಗೆ 4 ಇಂಚಿನ ತೂತು ಪೈಪು. ಅಲ್ಲಿಂದ ಮೇಲಕ್ಕೆ ಗೋಡೆಗೆ ಒತ್ತಿಕೊಂಡಂತೆ ಒಂದು ಅಡಿ ದಪ್ಪದ ಜಲ್ಲಿಯ ಪದರ, ತುದಿಗೆ ಒಂದು ಅಡಿ ಬಾಕಿ ಇರುವವರೆಗೆ. ಜಲ್ಲಿಗೂ ಮಣ್ಣಿಗೂ ನಡುವೆ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋ ಬಟ್ಟೆ.

ಎರಡನೆಯದು, ಬುಡದ ಜಲ್ಲಿ ಮಾತ್ರ. ಪೈಪು, ಅದರ ಸುತ್ತ ಅದೇ ಒಂದೂವರೆ ಅಡಿಯ ಹಾಸು, ಅದನ್ನು ಮುಚ್ಚುವ ಬಟ್ಟೆ. ಮೇಲಕ್ಕೆಲ್ಲ ಕಡಿದ ಮಣ್ಣನ್ನೇ ತುಂಬಿ ದಮ್ಮಸ್ಸು ಮಾಡುವುದು.

ಮೂರನೆಯದು, ಗೋಡೆಯ ಬೆನ್ನಿಗೆ ಡ್ರೈನೇಜ್ ಶೀಟ್. ಗುಬುಟು ಗುಬುಟಾಗಿರುವ ಪ್ಲಾಸ್ಟಿಕ್ ಹಾಳೆ, ಅದರ ಒಂದು ಮಗ್ಗುಲಿಗೆ ಬಟ್ಟೆ ಅಂಟಿಸಿರುತ್ತಾರೆ. ಬಟ್ಟೆಯ ಮಗ್ಗುಲು ಮಣ್ಣಿಗೆ, ಪ್ಲಾಸ್ಟಿಕ್ ಮಗ್ಗುಲು ಗೋಡೆಗೆ. ನೀರು ಬಟ್ಟೆ ದಾಟಿ ಗುಬುಟುಗಳ ನಡುವೆ ಇಳಿದು ಬುಡದ ಜಲ್ಲಿಗೆ ಬರುತ್ತದೆ. ಬುಡದಲ್ಲಿ ಎರಡನೆಯ ದಾರಿಯ ಹಾಗೆಯೇ ಜಲ್ಲಿ, ಪೈಪು.

ಜಲ್ಲಿಯ ಲೆಕ್ಕ

ಬುಡದ ಹಾಸಿಗೆ 1.5 × 1.5 × 40 ಅಂದರೆ 90 ಘನ ಅಡಿ. ಮೇಲಿನ ಪದರಕ್ಕೆ, ಒಂದೂವರೆ ಅಡಿಯಿಂದ ಏಳು ಅಡಿಯವರೆಗೆ ಐದೂವರೆ ಅಡಿ ಎತ್ತರ: 5.5 × 1 × 40 ಅಂದರೆ 220 ಘನ ಅಡಿ. ಎರಡೂ ಸೇರಿ 310. ಪೈಪು ಹಿಡಿಯುವ ಜಾಗ ಬರೀ ನಾಲ್ಕು ಘನ ಅಡಿ, ಅದನ್ನು ಕಳೆಯುವ ಗೋಜಿಗೆ ಹೋಗಬೇಡಿ. ಧರೆ ಅಂಕುಡೊಂಕಾಗಿ ಕಡಿದಿರುತ್ತದೆ, ಜಲ್ಲಿ ಸ್ವಲ್ಪ ಕೂರುತ್ತದೆ, ಅಂಗಳದಲ್ಲಿ ಚೆಲ್ಲಿ ಹಾಳಾಗುವುದೂ ಇದೆ. ಅದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 340 ಘನ ಅಡಿ. ಒಂದು ಘನ ಅಡಿ ಒಣ ಜಲ್ಲಿ ಹೆಚ್ಚುಕಮ್ಮಿ 42 ಕೆಜಿ ತೂಗುತ್ತದೆ, ಹಾಗಾಗಿ ಹದಿನಾಲ್ಕು ಟನ್‌ಗೂ ಮೇಲೆ. ಎರಡನೆಯ ಮತ್ತು ಮೂರನೆಯ ದಾರಿಗೆ 90ಕ್ಕೆ ಹತ್ತು ಸೇರಿಸಿ 100 ಘನ ಅಡಿ.

ಬಟ್ಟೆಯ ಲೆಕ್ಕವನ್ನು ಒಂದು ಅಡಿ ಉದ್ದಕ್ಕೆ ಹಾಕಿ ನಲವತ್ತರಿಂದ ಗುಣಿಸುವುದು ಸುಲಭ. ಮೊದಲ ದಾರಿಯಲ್ಲಿ ಬುಡಕ್ಕೆ ಒಂದೂವರೆ ಅಡಿ, ಹಾಸಿನ ಮಗ್ಗುಲಿಗೆ ಒಂದೂವರೆ, ಹಾಸು ಮುಗಿದು ಪದರ ಶುರುವಾಗುವ ಮೆಟ್ಟಿಲಿಗೆ ಅರ್ಧ, ಪದರದ ಮಗ್ಗುಲಿಗೆ ಐದೂವರೆ, ತಲೆಯ ಮೇಲೆ ಮಡಚಲು ಒಂದು, ಗೋಡೆಗೆ ಹತ್ತಿಸಿ ಬಿಡಲು ಒಂದು. ಒಟ್ಟು 11 ಅಡಿ. ನಲವತ್ತು ಅಡಿಗೆ 440 ಚದರ ಅಡಿ, ಒಂದರ ಮೇಲೊಂದು ಹೊದೆಸುವ ಅಂಚು ಸೇರಿ 485. ಕಾಂಕ್ರೀಟ್ ಗೋಡೆಯ ಕಡೆಗೆ ಬಟ್ಟೆ ಬೇಡ, ಅಲ್ಲಿಂದ ಮಣ್ಣು ಬರುವುದಿಲ್ಲ. ಬುಡದ ಹಾಸನ್ನಷ್ಟೇ ಮುಚ್ಚುವ ಎರಡು ದಾರಿಗಳಿಗೆ ಅಡಿಗೆ ಐದೂವರೆ ಅಡಿ ಸಾಕು, ಅಂದರೆ ಅಂಚು ಸೇರಿ 240 ಚದರ ಅಡಿ. ಮೂರನೆಯದಕ್ಕೆ ಮೇಲಾಗಿ ಶೀಟ್: 7 × 40, 280 ಚದರ ಅಡಿ, ಜೊತೆಗೆ ಜೋಡಣೆಯ ಅಂಚು.

| | ಪೂರ್ತಿ ಜಲ್ಲಿ | ಬುಡದ ಜಲ್ಲಿ | ಶೀಟ್ ಮತ್ತು ಬುಡದ ಜಲ್ಲಿ |
|---|---|---|---|
| ಜಲ್ಲಿ, ಘನ ಅಡಿ | 340 | 100 | 100 |
| ಬಟ್ಟೆ, ಚದರ ಅಡಿ | 485 | 240 | 240 |
| ಶೀಟ್, ಚದರ ಅಡಿ | ಇಲ್ಲ | ಇಲ್ಲ | 280 |
| 4 ಇಂಚಿನ ಪೈಪು, 20 ಅಡಿಯದ್ದು | 3 | 3 | 3 |

ಕೆಲವರು "ಹೇಗೂ ಜಾಗ ಇದೆಯಲ್ಲ, ಪೂರ್ತಿ ಜಲ್ಲಿಯನ್ನೇ ತುಂಬಿಬಿಡೋಣ" ಎನ್ನುತ್ತಾರೆ. ಆ ಜಾಗದ ಸರಾಸರಿ ಅಗಲ 3 ಅಡಿ. 3 × 8 × 40 ಎಂದರೆ 960 ಘನ ಅಡಿ, ಹೆಚ್ಚುಕಮ್ಮಿ ಮೂರು ಪಟ್ಟು. ಅಷ್ಟು ಬೇಕಿಲ್ಲ. ಶುದ್ಧವಾದ 20 ಎಂಎಂ ಜಲ್ಲಿಯಲ್ಲಿ ನೀರು ಎಷ್ಟು ಸಲೀಸಾಗಿ ಇಳಿಯುತ್ತದೆಂದರೆ, ಬರೀ ಹರಿವಿನ ಲೆಕ್ಕಕ್ಕೆ ಅರ್ಧ ಅಡಿ ದಪ್ಪವೂ ಮಿಕ್ಕಿ ಉಳಿಯುತ್ತದೆ. ಒಂದು ಅಡಿ ಇಡುವುದು ಕೆಲಸದವರ ಅನುಕೂಲಕ್ಕೆ. ಅರ್ಧ ಅಡಿಯ ಸಂದಿಯಲ್ಲಿ ಜಲ್ಲಿ ಸುರಿದರೆ ಅದು ಎಲ್ಲೋ ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ, ಇಲ್ಲವೇ ಮಣ್ಣು ಜರಿದು ಪದರ ಅಲ್ಲೇ ತುಂಡಾಗುತ್ತದೆ. ಒಂದು ಅಡಿ ಇದ್ದರೆ ಕೈ ಆಡುತ್ತದೆ, ಕಣ್ಣಿಗೂ ಕಾಣುತ್ತದೆ.

ಪೈಪಿನ ಲೆಕ್ಕ

ಗೋಡೆಯುದ್ದಕ್ಕೂ 40 ಅಡಿ ತೂತು ಪೈಪು, ಅಂದರೆ 20 ಅಡಿಯ ಎರಡು. ಮೇಲಿನ ತುದಿಯಲ್ಲಿ ಬೆಂಡು ಹಾಕಿ ನೆಲದ ಮಟ್ಟದವರೆಗೆ ತೂತಿಲ್ಲದ 8 ಅಡಿ ಪೈಪು ಎಬ್ಬಿಸಿ ಮುಚ್ಚಳ ಹಾಕಬೇಕು. ಮುಂದೆ ಪೈಪು ತೊಳೆಯಲು ಅದೊಂದೇ ಬಾಯಿ. ಕೆಳ ತುದಿಯಲ್ಲಿ ಗೋಡೆ ದಾಟಿ ಚರಂಡಿಯವರೆಗೆ ತೂತಿಲ್ಲದ 10 ಅಡಿ. ಎರಡೂ ಸೇರಿ 18, ಹಾಗಾಗಿ ಮೂರನೆಯ ಪೈಪಿನಲ್ಲಿ ಮುಗಿಯುತ್ತದೆ.

ನಮ್ಮ ಕಡೆ ದೊಡ್ಡ ಚರ್ಚೆ ನಡೆಯುವುದು 4 ಇಂಚು ಸಾಕೋ 6 ಇಂಚು ಬೇಕೋ ಎಂದು. ವರ್ಷಕ್ಕೆ 7,000 ಎಂಎಂ ದಾಟುವ ಆಗುಂಬೆಯ ಮಳೆ ಕಂಡವರಿಗೆ 4 ಇಂಚು ಸಣ್ಣದೆನಿಸುವುದು ಸಹಜ. ಲೆಕ್ಕ ಹಾಕಿ ನೋಡಿ. ಗೋಡೆಯ ಹಿಂದೆ 30 ಅಡಿಯವರೆಗಿನ ಗುಡ್ಡದ ನೀರು ಇತ್ತ ಬರುತ್ತದೆ ಎನ್ನೋಣ, ಅಂದರೆ 1,200 ಚದರ ಅಡಿ. ಒಂದು ಗಂಟೆಗೆ 50 ಎಂಎಂ ಮಳೆ ಸುರಿದು, ಒಂದು ಹನಿಯೂ ಮೇಲಿಂದ ಹರಿದುಹೋಗದೆ ಎಲ್ಲ ಇಂಗಿ ಪೈಪಿಗೇ ಬಂತು ಎಂದುಕೊಂಡರೂ ಸೆಕೆಂಡಿಗೆ ಒಂದೂವರೆ ಲೀಟರಿನಷ್ಟು. ನೂರಕ್ಕೆ ಒಂದರ ಇಳಿಜಾರಿನಲ್ಲಿ ಹಾಕಿದ 4 ಇಂಚಿನ ಪೈಪು ಸೆಕೆಂಡಿಗೆ ಆರೂವರೆ ಲೀಟರು ಮೀರಿ ಒಯ್ಯುತ್ತದೆ. 3 ಇಂಚಿನ ಪೈಪೂ ಎರಡು ಲೀಟರು ಒಯ್ಯುತ್ತದೆ. ಆದರೂ 4 ಇಂಚು ಹಾಕಿ ಎನ್ನುವುದು ಸ್ವಲ್ಪ ಕೆಸರು ಕೂತರೂ ದಾರಿ ಉಳಿಯಲಿ, ತೊಳೆಯುವಾಗ ಹೋಸು ಒಳಗೆ ಹೋಗಲಿ ಎಂದು. 6 ಇಂಚಿಗೆ ಕೊಡುವ ಹೆಚ್ಚುವರಿ ದುಡ್ಡನ್ನು ಬಟ್ಟೆಗೆ ಕೊಡಿ. ಮಾಡಿನ ನೀರನ್ನು ಮಾತ್ರ ಈ ಪೈಪಿಗೆ ಯಾವತ್ತೂ ಸೇರಿಸಬೇಡಿ. ಬಸಿಯುವ ನೀರಿನ ಲೆಕ್ಕವೇ ಬೇರೆ, ಹಂಚಿನ ಮೇಲಿಂದ ಧೋ ಎಂದು ಬರುವ ನೀರಿನ ಲೆಕ್ಕವೇ ಬೇರೆ. ಅದನ್ನು ಸೇರಿಸಿದರೆ ಪೈಪು ತುಂಬಿ ತೂತುಗಳಿಂದ ನೀರು ಜಲ್ಲಿಗೆ ವಾಪಸು ನುಗ್ಗುತ್ತದೆ, ಧರೆ ಒಣಗಿಸಲು ಹಾಕಿದ ಪೈಪೇ ಧರೆ ನೆನೆಸುತ್ತದೆ.

ತೂತು ಹಾಕಿಯೇ ಬರುವ ಪೈಪು ಸಿಗದಿದ್ದರೆ ಸಾದಾ ಪಿವಿಸಿ ಪೈಪಿಗೆ 8 ಎಂಎಂ ಬಿಟ್‌ನಲ್ಲಿ ಡ್ರಿಲ್ ಮಾಡಿಸಿ. ಮೂರು ಇಂಚಿಗೊಂದರಂತೆ ಎರಡು ಸಾಲು, 40 ಅಡಿಗೆ ಒಟ್ಟು 320 ತೂತು. ತೂತು 20 ಎಂಎಂ ಜಲ್ಲಿಗಿಂತ ಸಾಕಷ್ಟು ಸಣ್ಣದು, ಕಲ್ಲು ಒಳಗೆ ಬೀಳುವುದಿಲ್ಲ. ಡ್ರಿಲ್ ಮಾಡಿದಾಗ ಒಳಗೆ ಉಳಿಯುವ ಪ್ಲಾಸ್ಟಿಕ್ ಸಿಪ್ಪೆಯನ್ನು ಕೋಲಿಗೆ ಗೋಣಿ ಸುತ್ತಿ ಉಜ್ಜಿ ತೆಗೆಸಿ, ಇಲ್ಲದಿದ್ದರೆ ಕೆಸರು ಅದಕ್ಕೇ ಹಿಡಿದುಕೊಳ್ಳುತ್ತದೆ. ಎರಡೂ ಸಾಲು ಪೈಪಿನ ಕೆಳ ಅರ್ಧದಲ್ಲಿ, ಗಡಿಯಾರದ 4 ಮತ್ತು 8ರ ಜಾಗದಲ್ಲಿ ಬರಬೇಕು. ಬಹಳ ಕಡೆ ತೂತು ಮೇಲಕ್ಕೆ ಮಾಡಿ ಮಲಗಿಸುತ್ತಾರೆ, ನೀರು ಮೇಲಿಂದ ತಾನೆ ಬರುವುದು ಎಂಬ ಲೆಕ್ಕದಲ್ಲಿ. ಜಲ್ಲಿಯೊಳಗೆ ನೀರು ನೇರ ತಳಕ್ಕೆ ಇಳಿದು, ತಳದಿಂದ ಮೇಲಕ್ಕೆ ಏರುತ್ತದೆ. ತೂತು ಕೆಳಗಿದ್ದರೆ ನೀರು ಒಂದೆರಡು ಇಂಚು ಏರುತ್ತಲೇ ಪೈಪಿಗೆ ಬೀಳುತ್ತದೆ. ಮೇಲಿದ್ದರೆ ಪೈಪಿನ ನೆತ್ತಿಯವರೆಗೆ ನೀರು ಸದಾ ನಿಂತು ಪಾಯದ ಮಣ್ಣನ್ನು ಮೆತ್ತಗೆ ಮಾಡುತ್ತದೆ.

ಇಳಿಜಾರಿನ ಲೆಕ್ಕವೂ ಇಲ್ಲೇ. ನೂರಕ್ಕೆ ಒಂದು ಎಂದರೆ 40 ಅಡಿಗೆ ಸುಮಾರು 5 ಇಂಚು. ಗೋಡೆಯ ಪಾಯದ ಚಪ್ಪಡಿ ಹಿಂದಕ್ಕೆ ಚಾಚಿರುತ್ತದಲ್ಲ, ಅದರ ಮೇಲೆ ಒಂದು ತುದಿಯಲ್ಲಿ 5 ಇಂಚು, ಇನ್ನೊಂದು ತುದಿಯಲ್ಲಿ ಸೊನ್ನೆ ಬರುವಂತೆ ಬಡ ಕಾಂಕ್ರೀಟ್ ಹಾಕಿಸಿ. 12 ಘನ ಅಡಿ ಸಾಕು. ಅದರ ಮೇಲೆ ಬಟ್ಟೆ, ಎರಡು ಇಂಚು ಜಲ್ಲಿ, ಆಮೇಲೆ ಪೈಪು. ಟ್ಯೂಬ್ ಲೆವೆಲ್ ಹಿಡಿದು ಎರಡೂ ತುದಿ ನೋಡದೆ ಜಲ್ಲಿ ಮುಚ್ಚಲು ಬಿಡಬೇಡಿ. ಮಧ್ಯದಲ್ಲಿ ಪೈಪು ಜೋತು ಬಿದ್ದಿದ್ದರೆ ಅಲ್ಲಿ ಕೆಸರು ಕೂರುತ್ತದೆ.

ಮೂರರಲ್ಲಿ ಯಾವುದು

ಇದಕ್ಕೆ ಉತ್ತರ ಧರೆಯ ಮುಖದಲ್ಲಿದೆ. ಕಡಿದ ಧರೆಯ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿ. ನಮ್ಮ ಗುಡ್ಡಗಳಲ್ಲಿ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಜಂಬಿಟ್ಟಿಗೆಯ ಪದರ, ಅದರ ಕೆಳಗೆ ಎಷ್ಟೋ ಕಡೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು ಇರುತ್ತದೆ. ಜಂಬಿಟ್ಟಿಗೆ ತೂತು ತೂತಾಗಿರುವುದರಿಂದ ಮಳೆನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಶೇಡಿಯ ಮೇಲೆ ಬಂದು ತಡೆಯುತ್ತದೆ, ಅಲ್ಲಿಂದ ಅಡ್ಡಕ್ಕೆ ಹರಿದು ಧರೆಯಿಂದ ಹೊರಬರುತ್ತದೆ. ಶೇಡಿ ಒಣಗಿದಾಗ ಉಗುರಿನಿಂದ ಕೆರೆಯಬಹುದಾದಷ್ಟು ಮೆದು, ನೆನೆದಾಗ ಗಂಜಿಯಾಗಿ ಹರಿಯುತ್ತದೆ. ಧರೆ ಜರಿಯುವುದು ಬಹಳ ಸಲ ಇಲ್ಲಿಂದಲೇ. ಈ ಎರಡು ಪದರಗಳ ಗಡಿಯಲ್ಲಿ ಬೇಸಿಗೆಯಲ್ಲೂ ಒದ್ದೆ ಗೆರೆ ಇದ್ದರೆ, ಪಾಚಿ, ಜರಿಗಿಡ ಬೆಳೆದಿದ್ದರೆ, ಮಳೆಗಾಲದಲ್ಲಿ ಅಲ್ಲಿ ಜಲ ಒಡೆಯುತ್ತದೆ ಎಂದೇ ತಿಳಿಯಿರಿ.

ಅಂಥ ಧರೆಗೆ ಪೂರ್ತಿ ಎತ್ತರದ ಜಲ್ಲಿಯೇ ಸರಿ. ಜಲ ಯಾವ ಎತ್ತರದಲ್ಲಿ ಒಡೆದರೂ ಗೋಡೆ ಮುಟ್ಟುವ ಮೊದಲು ಅದು ಜಲ್ಲಿಗೆ ಸಿಕ್ಕುತ್ತದೆ. ಒರತೆ ಇರುವ ಜಾಗದಲ್ಲಿ ಧರೆಯಿಂದ ಪದರದವರೆಗೆ ಒಂದು ಅಡಿ ಚೌಕದ ಜಲ್ಲಿಯ ಕೈ ಎಳೆದು, ಅದಕ್ಕೂ ಬಟ್ಟೆ ಸುತ್ತಿಸಿ. ಅಡಿಕೆ ತೋಟದಲ್ಲಿ ಬಸಿಗಾಲುವೆ ಮಾಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ, ನೀರು ಬರುವ ಜಾಗದಿಂದ ಹೋಗುವ ಜಾಗಕ್ಕೆ ತಡೆಯಿಲ್ಲದ ದಾರಿ ಇರಬೇಕು, ಅಷ್ಟೇ. ಶೇಡಿ ಕಂಡಿದ್ದರೆ ಬಟ್ಟೆಯೊಂದನ್ನೇ ನಂಬಬೇಡಿ. ಶೇಡಿಯ ಕಣ ತೀರಾ ನಯ, ನೇರವಾಗಿ ಬಟ್ಟೆಗೆ ಒತ್ತಿದರೆ ವರ್ಷಗಳಲ್ಲಿ ಬಟ್ಟೆಯ ಕಣ್ಣು ಕಟ್ಟುತ್ತದೆ. ಬಟ್ಟೆಯ ಹೊರಗೆ, ಮಣ್ಣಿನ ಕಡೆ, 4 ಇಂಚು ದಪ್ಪ ದಪ್ಪಕಣದ ಮರಳು ಹಾಕಿಸಿ. ನಮ್ಮ ಗೋಡೆಗೆ ಸುಮಾರು 95 ಘನ ಅಡಿ ಆಗುತ್ತದೆ. ಎಂ-ಸ್ಯಾಂಡ್ ಆದರೆ ಪುಡಿ ತೊಳೆದದ್ದೇ ಆಗಬೇಕು.

ಬುಡದ ಜಲ್ಲಿ ಮಾತ್ರ ಹಾಕುವ ದಾರಿ 8 ಅಡಿ ಗೋಡೆಗೆ ಮಲೆನಾಡಿನಲ್ಲಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. 240 ಘನ ಅಡಿ ಜಲ್ಲಿ ಉಳಿಯುತ್ತದೆ, ನಿಜ. ಆದರೆ ಮೇಲೆ ತುಂಬುವುದು ಅದೇ ಜಿಗುಟು ಮಣ್ಣು. ಅದನ್ನು ಅಡಿ ಅಡಿಗೆ ದಮ್ಮಸ್ಸು ಮಾಡಿದಾಗ ಒಂದರ ಮೇಲೊಂದು ಗಟ್ಟಿ ಪದರ ಆಗುತ್ತದೆ, ನೀರು ಕೆಳಗಿಳಿಯುವ ಬದಲು ಪ್ರತಿ ಪದರದ ಮೇಲೂ ಅಡ್ಡಕ್ಕೆ ಹರಿದು ಗೋಡೆಗೆ ತಾಗುತ್ತದೆ. ಬುಡದಲ್ಲಿ ಪೈಪು ಖಾಲಿ ಇದ್ದರೂ ನಾಲ್ಕಡಿ ಎತ್ತರದಲ್ಲಿ ಗೋಡೆ ನೀರು ಹೊತ್ತು ನಿಂತಿರುತ್ತದೆ. ನಾಲ್ಕು ಅಡಿಯೊಳಗಿನ ಅಂಗಳದ ಗೋಡೆ, ಹಿಂದೆ ಒರತೆ ಇಲ್ಲ, ತುಂಬುವುದು ಗರಸು ಮಣ್ಣು ಎಂದಾದರೆ ಈ ದಾರಿ ಸಾಕು. ಶಿವಮೊಗ್ಗ ನಗರದ ಸುತ್ತ, ಮಳೆ ಕಮ್ಮಿ ಇರುವ ಭದ್ರಾವತಿ ಕಡೆ, ಇಂಥ ಗೋಡೆಗಳಿಗೆ ಹೆಚ್ಚಿನದು ಬೇಕಾಗುವುದೂ ಇಲ್ಲ.

ಶೀಟಿನ ದಾರಿ ಜಾಗ ಇಕ್ಕಟ್ಟಾದಾಗ, ಜಲ್ಲಿ ಹೊರುವುದು ಕಷ್ಟವಾದಾಗ ಲಾಭ. ಟಿಪ್ಪರ್ ಮನೆಯ ಹಿಂದಕ್ಕೆ ಹೋಗುವುದಿಲ್ಲ, ಅಂಗಳದಿಂದ ಬಾಂಡ್ಲಿಯಲ್ಲಿ ತಲೆಹೊರೆ ಎಂದಿಟ್ಟುಕೊಳ್ಳಿ. ಒಂದು ಬಾಂಡ್ಲಿಗೆ ಅರ್ಧ ಘನ ಅಡಿ ಹಿಡಿಯುತ್ತದೆ. 340 ಘನ ಅಡಿಗೆ 680 ಬಾಂಡ್ಲಿ, 100 ಘನ ಅಡಿಗೆ 200 ಬಾಂಡ್ಲಿ. ಕೂಲಿಯಲ್ಲಿ ಈ ವ್ಯತ್ಯಾಸ ಚಿಕ್ಕದಲ್ಲ. ದರ ಹೋಲಿಸಲು ಒಂದು ಸುಲಭ ಲೆಕ್ಕ ಇದೆ. ಶೀಟ್ ಹಾಕಿದರೆ 240 ಘನ ಅಡಿ ಜಲ್ಲಿ ಮತ್ತು 245 ಚದರ ಅಡಿ ಬಟ್ಟೆ ಉಳಿಯುತ್ತದೆ, 280 ಚದರ ಅಡಿ ಶೀಟ್ ಬೇಕಾಗುತ್ತದೆ. ಹಾಗಾಗಿ ಒಂದು ಚದರ ಅಡಿ ಶೀಟಿನ ದರವನ್ನು, ಗೋಡೆಯ ಹಿಂದೆ ತಂದು ಸುರಿದ ಮುಕ್ಕಾಲು ಘನ ಅಡಿಗಿಂತ ತುಸು ಹೆಚ್ಚು ಜಲ್ಲಿ ಮತ್ತು ಅಷ್ಟೇ ಚದರ ಅಡಿ ಬಟ್ಟೆಯ ದರದ ಜೊತೆ ಇಟ್ಟು ನೋಡಿ. ಹೊರುವ ಕೂಲಿ ಸೇರಿಸಿದ ಮೇಲೆ ಯಾವುದು ಕಮ್ಮಿಯೋ ಅದು.

ಶೀಟಿಗೂ ಮಿತಿ ಇದೆ. ತುಂಬುವಾಗ ಒಂದು ಚೂಪು ಕಲ್ಲು ತಾಗಿ ಬಟ್ಟೆ ಹರಿದರೆ ಮಣ್ಣು ಒಳಗೆ ಇಳಿದು ಆ ಪಟ್ಟಿ ಕಟ್ಟಿಹೋಗುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಒಂದು ಅಡಿ ಜಲ್ಲಿಯಲ್ಲಿ ಅಲ್ಲಲ್ಲಿ ಕೆಸರು ಸೇರಿದರೂ ನೀರು ಪಕ್ಕದಲ್ಲಿ ದಾರಿ ಹುಡುಕಿಕೊಳ್ಳುತ್ತದೆ. ಜಲ ಒಡೆಯುವ ಧರೆಗೆ, ಶೇಡಿ ಇರುವ ಧರೆಗೆ ನಾನು ಶೀಟನ್ನು ಒಪ್ಪುವುದಿಲ್ಲ. ಶೀಟಿನ ಕೆಳ ಅಂಚು ಬುಡದ ಜಲ್ಲಿಯೊಳಗೆ ಪೈಪಿನ ಮಟ್ಟದವರೆಗೆ ಇಳಿದಿದೆಯೇ ಎಂದೂ ನೋಡಬೇಕು. ಅಂಚು ಮೇಲೆಯೇ ನಿಂತರೆ ಅಲ್ಲಿ ಮಣ್ಣು ಸೇರಿ ನೀರಿನ ಬಾಯಿ ಮುಚ್ಚುತ್ತದೆ.

ಯಾವ ದಾರಿ ಹಿಡಿದರೂ ಗೋಡೆಯಲ್ಲಿ ನೀರುಕಂಡಿ ಬಿಡಿ. ಪೈಪು ಯಾವತ್ತಾದರೂ ಕಟ್ಟಿದರೆ ಅದೇ ಗತಿ. 3 ಇಂಚಿನ ಪೈಪು, ಐದು ಅಡಿಗೊಂದು, ಎರಡು ಸಾಲು, ಮೇಲಿನ ಸಾಲು ಕೆಳಗಿನದರ ಸಂದಿಗೆ ಬರುವಂತೆ. 8 ಮತ್ತು 7, ಒಟ್ಟು 15 ತುಂಡು. ಒಂದೂಕಾಲು ಅಡಿಯಂತೆ ಒಂದೇ ಪೈಪಿನಲ್ಲಿ ಮುಗಿಯುತ್ತದೆ. ಪೂರ್ತಿ ಜಲ್ಲಿ ಇದ್ದಾಗ ಮಾತ್ರ ಈ ಕಂಡಿಗಳು ಸರಿಯಾಗಿ ಕೆಲಸ ಮಾಡುತ್ತವೆ. ಕಂಡಿಯ ಹಿಂದೆ ಬರೀ ಮಣ್ಣಿದ್ದರೆ ಮೊದಲ ಮಳೆಗೇ ಕಟ್ಟಿಹೋಗುತ್ತವೆ.

ಯಾವ ಜಲ್ಲಿ, ಹೇಗೆ ತುಂಬುವುದು

20 ಎಂಎಂ ಆಗಲಿ 40 ಎಂಎಂ ಆಗಲಿ, ಒಂದೇ ಗಾತ್ರದ್ದು, ಪುಡಿ ಇಲ್ಲದ್ದು ಬೇಕು. 20 ಎಂಎಂ ಬಟ್ಟೆಗೆ ಸೌಮ್ಯ, ಅದನ್ನೇ ಹೇಳುತ್ತೇನೆ. ರಸ್ತೆಗೆ ಹಾಕುವ, ಪುಡಿ ಬೆರೆಸಿದ ಮಿಕ್ಸ್ ಅಗ್ಗವಾಗಿ ಸಿಗುತ್ತದೆ. ಗಟ್ಟಿಯಾಗಿ ಕೂರಲೆಂದೇ ಮಾಡಿದ್ದು ಅದು, ನೀರನ್ನು ಸಲೀಸಾಗಿ ಬಿಡುವುದಿಲ್ಲ, ಇಲ್ಲಿಗೆ ತರಬೇಡಿ. ಜಂಬಿಟ್ಟಿಗೆಯ ಚೂರು, ಇಟ್ಟಿಗೆ ಚೂರು ಕೂಡ ಬೇಡ. ಮನೆ ಕಟ್ಟಿ ಉಳಿದ ಜಂಬಿಟ್ಟಿಗೆ ರಾಶಿ ಅಲ್ಲೇ ಬಿದ್ದಿರುತ್ತದೆ, ಕಣ್ಣು ಅದರ ಮೇಲೆ ಹೋಗುತ್ತದೆ. ನೀರಿನಲ್ಲಿ ಅದರ ಅಂಚು ಪುಡಿಯಾಗಿ ಸಂದಿಗಳನ್ನು ತುಂಬುತ್ತದೆ.

ಲೋಡ್ ಇಳಿಸುವ ಮೊದಲು ಒಂದು ಪರೀಕ್ಷೆ. ಬಿಳಿ ಬಕೆಟ್‌ನಲ್ಲಿ ಅರ್ಧ ಜಲ್ಲಿ ಹಾಕಿ, ಮುಳುಗುವಷ್ಟು ನೀರು ಸುರಿದು ಕೈಯಾಡಿಸಿ. ನೀರು ಸ್ವಲ್ಪ ಮಂಕಾಗುತ್ತದೆ, ಅದು ಸರಿ. ಹಾಲಿನಂತೆ ಬೆಳ್ಳಗಾಗಿ ಕೆಳಗಿನ ಕಲ್ಲು ಕಾಣದಷ್ಟಾದರೆ, ತಳದಲ್ಲಿ ಬೆರಳು ದಪ್ಪ ಕೆಸರು ಕೂತರೆ, ಆ ಲೋಡನ್ನು ತೊಳೆಸದೆ ತುಂಬಬಾರದು.

ತುಂಬುವಾಗ ಜಲ್ಲಿ ಮತ್ತು ಮಣ್ಣು ಒಟ್ಟೊಟ್ಟಿಗೆ ಏರಬೇಕು. ಹಳೆಯ ತಗಡಿನ ಶೀಟನ್ನು ಗೋಡೆಯಿಂದ ಒಂದು ಅಡಿ ದೂರ ನಿಲ್ಲಿಸಿ, ಬಟ್ಟೆಯನ್ನು ಅದಕ್ಕೆ ಒರಗಿಸಿ, ಒಳಗೆ ಒಂದು ಅಡಿ ಜಲ್ಲಿ, ಹೊರಗೆ ಒಂದು ಅಡಿ ಮಣ್ಣು. ಮಣ್ಣನ್ನು ಕೈ ದಮ್ಮಸಿನಿಂದ ಬಡಿದು, ತಗಡನ್ನು ಒಂದು ಅಡಿ ಮೇಲಕ್ಕೆ ಎಳೆದು, ಮತ್ತೆ ಅದೇ ಕ್ರಮ. ಗೋಡೆಯ ಹತ್ತಿರ ಜೆಸಿಬಿ ಬಕೆಟಿನಿಂದ ಒಂದೇ ಸಲ ಸುರಿಸಿದರೆ ಬಟ್ಟೆ ಜಾರಿ ಮಡಚಿಕೊಳ್ಳುತ್ತದೆ, ಪದರ ಎಲ್ಲೆಲ್ಲಿ ಕಡಿದಿದೆ ಎಂದು ಆಮೇಲೆ ತಿಳಿಯುವ ದಾರಿಯಿಲ್ಲ. ಬಟ್ಟೆಯನ್ನು ಪೈಪಿಗೇ ಬಿಗಿಯಾಗಿ ಸುತ್ತುವವರಿದ್ದಾರೆ. ಸೋಸುವ ಜಾಗ ಅಷ್ಟಕ್ಕೇ ಕುಗ್ಗಿ ಬೇಗ ಕಟ್ಟುತ್ತದೆ. ಜಲ್ಲಿಯ ಹೊರಗೆ ಹಾಕಿದರೆ ನೂರಾರು ಚದರ ಅಡಿ ಸೋಸುತ್ತದೆ.

ತುದಿಯ ಒಂದು ಅಡಿಗೆ ಜಲ್ಲಿ ಬೇಡ. ಬಟ್ಟೆ ಮಡಚಿ ಮುಚ್ಚಿ, ಅದರ ಮೇಲೆ ಜಿಗುಟು ಮಣ್ಣು ಬಡಿದು, ಅದರ ಹಿಂದೆ, ಧರೆಯ ಕಡೆಗೆ, ಒಂದು ಕಾಲುವೆ ಮಾಡಿ. ಗುಡ್ಡದ ಮೇಲ್ಮೈ ನೀರು ಜಲ್ಲಿಗೆ ಇಳಿಯದೆ ಆ ಕಾಲುವೆಯಲ್ಲೇ ಹೊರಗೆ ಹೋಗಬೇಕು.

ಮಳೆ ಹಿಡಿದ ಮೇಲೆ ನೋಡಬೇಕಾದದ್ದು

ಮೊದಲ ಜೋರು ಮಳೆಗೆ ಪೈಪಿನ ಬಾಯಿಂದ ಕೆಂಪು ನೀರು ಬರುತ್ತದೆ, ಹೆದರಬೇಡಿ. ತುಂಬುವಾಗ ಬಿದ್ದ ಮಣ್ಣು ಅದು, ಕೆಲ ದಿನದಲ್ಲಿ ನೀರು ತಿಳಿಯಾಗಬೇಕು. ಪುಷ್ಯ ಮಳೆ ಬಂದರೂ ಕೆಂಪಾಗಿಯೇ ಇದ್ದರೆ ಬಟ್ಟೆ ಎಲ್ಲೋ ಹರಿದಿದೆ, ಧರೆಯ ಮಣ್ಣು ಕರಗಿ ಹೋಗುತ್ತಿದೆ. ಆಗ ಗೋಡೆಯ ಹಿಂದಿನ ನೆಲವನ್ನು ನೋಡಿ, ಅಲ್ಲಲ್ಲಿ ಗುಂಡಿ ಬಿದ್ದಿದ್ದರೆ ಅದರ ನೇರ ಕೆಳಗೆ ತಪ್ಪಿದೆ.

ಇನ್ನೂ ಕೆಟ್ಟದ್ದು, ಸುತ್ತಲೂ ನೀರು ಹರಿಯುತ್ತಿರುವಾಗ ಪೈಪಿನ ಬಾಯಿ ಒಣಗಿರುವುದು. ನೀರುಕಂಡಿಗಳಿಂದಲೂ ಏನೂ ಬರದೆ ಗೋಡೆಯ ಮುಖದಲ್ಲಿ ಒದ್ದೆ ಕಲೆ, ಬಿಳಿ ಉಪ್ಪಿನ ಗೆರೆ ಕಾಣಿಸಿದರೆ ನೀರು ಹಿಂದೆ ನಿಂತಿದೆ. ಮೊದಲು ಪೈಪಿನ ಹೊರಬಾಯಿ ನೋಡಿ, ಏಡಿ, ಇಲಿ ಗೂಡು ಮಾಡಿರುವುದುಂಟು, ಅದಕ್ಕೇ ಅಲ್ಲಿ ಜಾಲರಿ ಹಾಕಬೇಕು. ಆಮೇಲೆ ಮೇಲಿನ ಮುಚ್ಚಳ ತೆಗೆದು ಹೋಸಿನಿಂದ ನೀರು ಬಿಡಿ. ಬಿಟ್ಟ ನೀರು ಕೆಳಗೆ ಬರದಿದ್ದರೆ, ಅಥವಾ ಗೋಡೆ ಹೊಟ್ಟೆ ಬಂದಂತೆ ಕಂಡರೆ, ತೂಗುಗುಂಡು ಬಿಟ್ಟು ಅಳತೆ ಬರೆದಿಟ್ಟು ಎಂಜಿನಿಯರನ್ನು ಕರೆಯಿರಿ. ವಾರದಲ್ಲಿ ಆ ಅಳತೆ ಹೆಚ್ಚಿದರೆ ಗೋಡೆಯ ಕೆಳಗಿನ ಕೋಣೆಯಲ್ಲಿ ಯಾರೂ ಮಲಗಬಾರದು. 10 ಅಡಿ ದಾಟಿದ ಗೋಡೆ, ಮೇಲೆ ಮನೆ ಅಥವಾ ರಸ್ತೆ ಇರುವ ಗೋಡೆಯಾದರೆ ಈ ಲೆಕ್ಕಗಳನ್ನು ನಂಬಿ ಕಟ್ಟಬೇಡಿ, ಮೊದಲಿನಿಂದಲೇ ಎಂಜಿನಿಯರ್ ಬೇಕು.

ಜಲ್ಲಿ ತರಿಸುವಾಗ ಲೋಡ್ ಎಂಬ ಮಾತಿಗೆ ಕಟ್ಟುಬೀಳಬೇಡಿ. ಟ್ರ್ಯಾಕ್ಟರ್ ಟ್ರೈಲರಿನ ಒಳ ಉದ್ದ, ಅಗಲ, ಜಲ್ಲಿಯ ಸರಾಸರಿ ಎತ್ತರ ಅಡಿಯಲ್ಲಿ ಅಳೆಯಿರಿ. ನಡುವೆ ಗುಡ್ಡೆಯಾಗಿರುತ್ತದೆ, ಅಂಚಿನಲ್ಲಿ ಕಮ್ಮಿ ಇರುತ್ತದೆ, ಸಮ ಮಾಡಿಸಿ ಅಳೆದರೆ ಜಗಳವಿಲ್ಲ. 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದ್ದರೆ 90 ಘನ ಅಡಿ. ನಮ್ಮ ಗೋಡೆಗೆ ಅಂಥ ನಾಲ್ಕು ಲೋಡು ಬೇಕು. ಮೇ ತಿಂಗಳ ಕೊನೆಗೆ ಕಾಯದೆ ಬೇಸಿಗೆಯ ನಡುವಿನಲ್ಲೇ ತರಿಸಿ, ಮೃಗಶಿರ ಮಳೆ ಹಿಡಿದ ಮೇಲೆ ಧರೆಯ ಬುಡದಲ್ಲಿ ನಿಂತು ಈ ಕೆಲಸ ಮಾಡಿಸುವುದು ಕೆಲಸದವರ ಜೀವಕ್ಕೇ ಅಪಾಯ.